ಆಟದ ಕಂಪನಿ ದಿವಾಳಿ ಎದ್ರ ಅಕೌಂಟ್‌ನ್ಯಾಗ ಇದ್ದ ರೊಕ್ಕ ಯಾರ ಪಾಲು?

ಇಳಕಲ್_ಮಂಜು

ಎಲ್ಲಾರಿಗೂ ನಮಸ್ಕಾರ್ರಿ. ಒಂದು ವಿಷಯ ತಿಳಕೋಬೇಕಾಗಿತ್ತು, ಗೊತ್ತಿದ್ದಾವ್ರು ಹೇಳ್ರಿ. ನನ್ನ ತಮ್ಮ ಇಂಗ್ಲೆಂಡಿನ ಲೆಸ್ಟರ್‌ದಾಗ ಅದಾನ, ನಾಲ್ಕು ವರ್ಷ ಆತು ಹೋಗಿ, ಅಲ್ಲೆ ಗೋದಾಮಿನ್ಯಾಗ ಕೆಲಸ. ಅಲ್ಲೆ ಬೆಟ್ಟಿಂಗ್ ಕಾನೂನು ಪ್ರಕಾರ ನಡೀತೈತಿ, ಕಂಪನಿಗೆ ಸರ್ಕಾರದ ಲೈಸೆನ್ಸ್ ಇರ್ತೈತಿ, ಇಂವ ಕ್ರಿಕೆಟ್ ಮ್ಯಾಲೆ ಆಗೊಮ್ಮೆ ಈಗೊಮ್ಮೆ ಆಡ್ತಾನ. ಈಗ ಆ ಕಂಪನಿ ಲಾಸಿನ್ಯಾಗ ಐತಿ, ಮುಚ್ಚತೈತಿ ಅಂತ ಅವರ ರೂಮಿನ ಹುಡುಗೂರು ಮಾತಾಡಾಕತ್ತಾರಂತ. ಅವನ ಅಕೌಂಟ್‌ನ್ಯಾಗ 640 ಪೌಂಡ್ ತೋರಸ್ತೈತಿ. ನಿನ್ನೆ ರಾತ್ರಿ ಫೋನ್ ಮಾಡಿ ಕೇಳಿದ, ಅಣ್ಣಾ ಕಂಪನಿ ದಿವಾಳಿ ಆದ್ರ ಈ ರೊಕ್ಕ ನಂದೋ ಅವರದೋ ಅಂತ. ನನಗ ಉತ್ತರ ಗೊತ್ತಾಗ್ಲಿಲ್ಲ. ಆಡೋದು ಸರಿನೋ ತಪ್ಪೋ ಅನ್ನೋ ಮಾತು ಮನ್ಯಾಗ ನಾವ ಆಡೇವಿ, ಇಲ್ಲೆ ಅದು ಬ್ಯಾಡ್ರಿ, ರೊಕ್ಕದ ವಿಷಯ ಅಷ್ಟ ಹೇಳ್ರಿ.

ಅಥಣಿ_ಪ್ರವೀಣ

ಟೆನ್ಶನ್ ತಗೋಬ್ಯಾಡ್ರಿ ಮಂಜು ಅಣ್ಣಾ. ಲೈಸೆನ್ಸ್ ಇದ್ದ ಕಂಪನಿ ಅಂದ್ಮ್ಯಾಲೆ ಗಿರಾಕಿ ರೊಕ್ಕ ಬ್ಯಾರೆ ಬ್ಯಾಂಕ್ ಅಕೌಂಟ್‌ನ್ಯಾಗ ಇಡಬೇಕು ಅಂತ ರೂಲ್ ಐತಿ, ಸೆಗ್ರಿಗೇಟೆಡ್ ಅಂತಾರ ಅದಕ್ಕ. ಕಂಪನಿ ಮುಳುಗಿದ್ರೂ ಆ ಅಕೌಂಟಿಗೆ ಯಾರೂ ಕೈ ಹಚ್ಚಂಗಿಲ್ಲ. 640ಕ್ಕ 640 ಬರ್ತಾವ, ಸ್ವಲ್ಪ ತಡ ಆಗಬಹುದು ಅಷ್ಟ.

ಸರೋಜಾ_ಜಲನಗರ

ಪ್ರವೀಣ, ಹಂಗ ಗ್ಯಾರಂಟಿ ಕೊಡಬ್ಯಾಡಪಾ. ನಮ್ಮ ವಿಜಯಪುರದಾಗ ಒಂದು ಪತ್ತಿನ ಸಂಘದಾಗ ನಮ್ಮ ಮನಿಯವರ ರಿಟೈರ್ಮೆಂಟ್ ರೊಕ್ಕದಾಗಿನ 3 ಲಕ್ಷ ಎಫ್‌ಡಿ ಇಟ್ಟಿದ್ವಿ. ಲೈಸೆನ್ಸ್ ಅದ, ರಜಿಸ್ಟ್ರಾರ್ ಆಫೀಸಿನವರು ಪ್ರತಿ ವರ್ಷ ಆಡಿಟ್ ಮಾಡ್ತಾರ ಅಂತ ಹೇಳೇ ಇಡಿಸಿಕೊಂಡಿದ್ರು. ಒಂದು ದಿನ ಹೋದ್ರ ಶಟರ್ ಎಳದಿತ್ತು, ಹೊರಗ ನೂರು ಮಂದಿ ಪಾಸ್‌ಬುಕ್ ಹಿಡಕೊಂಡು ನಿಂತಿದ್ರು. ಆಗ ಎಲ್ಲಾರೂ 5 ಲಕ್ಷದ ತನಕ ಇನ್ಶೂರೆನ್ಸ್ ಇರ್ತದಲ್ಲ ಅಂದ್ರು. ವಿಚಾರಿಸಿದ್ರ ಅದು ಬ್ಯಾಂಕಿಗಷ್ಟ ಅಂತ, ಪತ್ತಿನ ಸಂಘಕ್ಕ ಇಲ್ಲಂತ. ಇವತ್ತಿನ ತನಕ ಒಂದು ರೂಪಾಯಿ ಬಂದಿಲ್ಲ. ಮಂಜು, ನಿಮ್ಮ ತಮ್ಮಗ ಆ 5 ಲಕ್ಷದ ಇನ್ಶೂರೆನ್ಸ್ ಸಿಗ್ತದೇನು ಮೊದಲ ಕೇಳಿ ನೋಡ್ರಿ.

ಟಿಳಕವಾಡಿ_ಲೆಕ್ಕ

ಸರೋಜಕ್ಕ, ನಿಮ್ಮದು ಓದಿ ಬಹಳ ಕೆಟ್ಟ ಅನಸ್ತು. 5 ಲಕ್ಷದ್ದು ನಮ್ಮ ದೇಶದ ಬ್ಯಾಂಕ್ ಠೇವಣಿಗೆ ಇರೋ ಡಿಐಸಿಜಿಸಿ ವಿಮಾರೀ, 2020ರಿಂದ 5 ಲಕ್ಷ ಆತು, ಮೊದಲ 1 ಲಕ್ಷ ಇತ್ತು. ಇಂಗ್ಲೆಂಡಿನ್ಯಾಗೂ ಬ್ಯಾಂಕ್ ಠೇವಣಿಗೆ ಅಂಥದ ಒಂದು ಸ್ಕೀಮ್ ಐತಿ, ಆದ್ರ ಬೆಟ್ಟಿಂಗ್ ಕಂಪನಿಯೊಳಗ ಇದ್ದ ಬ್ಯಾಲೆನ್ಸಿಗೆ ಅದು ಬರಂಗಿಲ್ಲ.

ನಾನು ಬೆಂಗಳೂರಿನ್ಯಾಗ ಆರು ವರ್ಷ ವಿದೇಶಿ ಗೇಮಿಂಗ್ ಕಂಪನಿಗಳ ಬ್ಯಾಕ್ ಆಫೀಸ್ ಕೆಲಸ ಮಾಡೇನಿ, ಈಗ ಬೆಳಗಾವಿಗೆ ವಾಪಸ್ ಬಂದೇನಿ. ನಂದು ಕೆಲಸನ ಇದು, ಆಟಗಾರರ ರೊಕ್ಕದ ತಾಳೆ. ಹಂಗಾಗಿ ಒಂದು ಮಾತು ಖಡಕ್ ಆಗಿ ಹೇಳ್ತೇನಿ, ಪ್ರವೀಣ ಹೇಳಿದ್ದು ಅರ್ಧ ಖರೆ, ಆದ್ರ ಉಳದ ಅರ್ಧ ತಪ್ಪಿದ್ದಕ್ಕ ಜನ ರೊಕ್ಕ ಕಳಕೊಂಡಾರ.

ಬ್ರಿಟನ್ನಿನ ಗ್ಯಾಂಬ್ಲಿಂಗ್ ಕಮಿಷನ್ ಲೈಸೆನ್ಸ್ ಕೊಡಬೇಕಾದ್ರ ಷರತ್ತು ಹಾಕ್ತೈತಿ. 4.1.1ನೇ ಷರತ್ತು ಏನ್ ಹೇಳ್ತೈತಿ ಅಂದ್ರ ಗಿರಾಕಿ ರೊಕ್ಕ ಕಂಪನಿ ಖರ್ಚಿನ ಅಕೌಂಟ್‌ನಿಂದ ಬ್ಯಾರೆ ಬ್ಯಾಂಕ್ ಅಕೌಂಟ್‌ನ್ಯಾಗ ಇಡಬೇಕು. ಇಲ್ಲಿ ತನಕ ಪ್ರವೀಣ ಸರಿ. ಆದ್ರ ಅದರ ಮುಂದಿನ 4.2.1 ಓದ್ರಿ. ಕಂಪನಿ ದಿವಾಳಿ ಆದ್ರ ಈ ರೊಕ್ಕಕ್ಕ ರಕ್ಷಣೆ ಐತೋ ಇಲ್ಲೋ, ಇದ್ದರ ಎಷ್ಟರ ಮಟ್ಟಿಗೆ, ಅದನ್ನ ಗಿರಾಕಿಗೆ ಹೇಳಬೇಕು ಅಂತೈತಿ ಅದು. ಹೇಳಬೇಕು ಅಂತಷ್ಟ, ರಕ್ಷಣೆ ಕೊಡಲೇಬೇಕು ಅಂತ ಅಲ್ಲ. ಅದಕ್ಕ ಮೂರು ದರ್ಜೆ ಅದಾವ, ಸೈಟಿನ್ಯಾಗ `not protected`, `medium`, `high` ಅಂತ ಬರದಿರ್ತಾರ. ಮೊದಲನೇದ್ರಾಗ ಅಕೌಂಟ್ ಬ್ಯಾರೇನ ಇರ್ತೈತಿ, ಆದ್ರ ದಿವಾಳಿ ಎದ್ದ ದಿನ ಆ ಅಕೌಂಟೂ ಕಂಪನಿ ಆಸ್ತಿನ್ಯಾಗ ಸೇರಿಬಿಡತೈತಿ. ಮಂಜು, ನಿಮ್ಮ ತಮ್ಮಗ ಮೊದಲು ಇದೊಂದು ನೋಡಾಕ ಹೇಳ್ರಿ, ಸೈಟಿನ ಟರ್ಮ್ಸ್ ತಗದು `customer funds` ಅಂತ ಹುಡುಕಿದ್ರ ಎರಡ ನಿಮಿಷದಾಗ ಸಿಗ್ತೈತಿ.

ಅಥಣಿ_ಪ್ರವೀಣ

ಒಂದು ನಿಮಿಷ. ಅಕೌಂಟ್ ಬ್ಯಾರೆ ಐತಿ, ಅದರ ಮ್ಯಾಲೆ ಕ್ಲೈಂಟ್ ಅಕೌಂಟ್ ಅಂತ ಹೆಸರೂ ಐತಿ, ಆದ್ರೂ ಸಾಲಗಾರರು ತಗೋತಾರ ಅಂದ್ರ ಬ್ಯಾರೆ ಇಟ್ಟಿದ್ದರ ಉಪಯೋಗ ಏನ್ರಿ?

ಟಿಳಕವಾಡಿ_ಲೆಕ್ಕ

ಇದ ನೋಡ್ರಿ ಮುಖ್ಯ ಪ್ರಶ್ನೆ. ಅಕೌಂಟಿನ ಹೆಸರು ಕ್ಲೈಂಟ್ ಅಂತ ಇದ್ರೂ ಒಡೆಯ ಯಾರು, ಕಂಪನಿನ. ನಿಮ್ಮ ಮನ್ಯಾಗ ಎರಡು ಡಬ್ಬಿ ಇಟ್ಟು ಒಂದರ ಮ್ಯಾಲೆ ಮಗಳ ಫೀ ಅಂತ ಬರದ್ರಿ ಅನ್ಕೋರಿ, ಸಾಲದವ ಜಪ್ತಿಗೆ ಬಂದಾಗ ಚೀಟಿ ನೋಡಿ ಆ ಡಬ್ಬಿ ಬಿಟ್ಟು ಹೋಗ್ತಾನೇನ್ರಿ, ರೊಕ್ಕ ನಿಮ್ಮದ ಐತಲ್ಲ. ಬ್ಯಾರೆ ಇಟ್ಟಿದ್ದರಿಂದ ದಿನದ ಲೆಕ್ಕ ಚೊಕ್ಕ ಇರ್ತೈತಿ, ಕಂಪನಿ ಆ ರೊಕ್ಕ ಪಗಾರಕ್ಕ ಜಾಹೀರಾತಿಗೆ ಬಳಸಿದ್ರ ಆಡಿಟ್‌ನ್ಯಾಗ ಗೊತ್ತಾಗ್ತೈತಿ, ಅಷ್ಟ ಲಾಭ. ಒಡೆತನ ಬದಲಾಗಬೇಕಂದ್ರ ಟ್ರಸ್ಟ್ ಪತ್ರ ಬೇಕು. ಈ ಅಕೌಂಟಿನ ರೊಕ್ಕ ಕಂಪನಿದಲ್ಲ, ಆಟಗಾರರ ಪರವಾಗಿ ಟ್ರಸ್ಟಿ ಹಿಡಕೊಂಡಾನ ಅಂತ. ಅದರ ಜೋಡಿ ಬ್ಯಾಂಕಿನಿಂದಾನೂ ಒಂದು ಪತ್ರ ತಗೋಬೇಕು, ಕಂಪನಿ ನಮಗ ಸಾಲ ಕೊಡೂದಿದ್ರೂ ಈ ಅಕೌಂಟಿನಿಂದ ಮುರಕೊಳ್ಳಂಗಿಲ್ಲ ಅಂತ. ಹೈ ಅಂದ್ರ ಇದು, ಕಾನೂನಿನ ಪ್ರಕಾರ ಬ್ಯಾರೆ ಆದ ಟ್ರಸ್ಟ್, ಹೊರಗಿನವರು ಬಂದು ತಪಾಸಣೆ ಮಾಡ್ತಾರ. ಮೀಡಿಯಂ ಅಂದ್ರ ನಡಕಿಂದು, ಆ ಅಕೌಂಟಿನ ರೊಕ್ಕ ಗಿರಾಕಿಗೇ ಮುಟ್ಟಬೇಕು ಅಂತ ಇನ್ಶೂರೆನ್ಸೋ ಮತ್ತೇನೋ ವ್ಯವಸ್ಥೆ ಮಾಡಿರ್ತಾರ, ಆದ್ರ ಪೂರಾ ಗ್ಯಾರಂಟಿ ಅಲ್ಲ.

ಜಮಖಂಡಿ_ವಕೀಲ

ಲೆಕ್ಕದವರ ಮಾತಿಗೆ ಒಂದು ಸೇರಸ್ತೀನಿ. ಟ್ರಸ್ಟ್‌ಗೆ ದೊಡ್ಡ ಪತ್ರನ ಇರಬೇಕು ಅಂತಿಲ್ಲ. ಇಂಗ್ಲೆಂಡಿನ್ಯಾಗ ಕೇಫರ್ಡ್ ಅನ್ನೋ ಅಂಚೆ ಮೂಲಕ ಸಾಮಾನು ಮಾರೋ ಕಂಪನಿ ಮುಳುಗಾಕತ್ತಿದಾಗ, ಗಿರಾಕಿಗಳು ಮುಂಗಡ ಕಳಿಸಿದ ರೊಕ್ಕಾನ ಸುಮ್ಮನ ಬಿದ್ದಿದ್ದ ಒಂದು ಹಳೇ ಅಕೌಂಟಿಗೆ ಬ್ಯಾರೆ ಹಾಕ್ತಾ ಬಂತು. 1975ರ ತೀರ್ಪಿನ್ಯಾಗ ಕೋರ್ಟು ಇದು ಟ್ರಸ್ಟ್ ಅಂತ ಒಪ್ಪಿ ಗಿರಾಕಿಗೆ ಕೊಡಿಸ್ತು, ಯಾಕಂದ್ರ ಸಾಮಾನು ಮುಟ್ಟೋ ತನಕ ಇದು ಗಿರಾಕಿದ್ದ ರೊಕ್ಕ ಅನ್ನೋ ಉದ್ದೇಶ ಸ್ಪಷ್ಟ ಇತ್ತು, ಕಂಪನಿ ರೊಕ್ಕದ ಜೋಡಿ ಕಲಸಿರಲಿಲ್ಲ. ಆದ್ರ ಬೆಟ್ಟಿಂಗ್ ಸೈಟಿನ ಟರ್ಮ್ಸ್‌ನ್ಯಾಗ ನಾಟ್ ಪ್ರೊಟೆಕ್ಟೆಡ್ ಅಂತ ಅವರ ಬರದು ನೀವು ಒಪ್ಪಿಗೆ ಒತ್ತಿದ ಮ್ಯಾಲೆ, ಅಲ್ಲೆ ಟ್ರಸ್ಟ್ ಉದ್ದೇಶ ಇತ್ತು ಅಂತ ವಾದ ಮಾಡೂದು ಕಷ್ಟ.

ಗೋಕಾಕ_ಕರದಂಟು

ನಂದೂ ಇದ ಕೇಸ್ರಿ. ಒಂದು ರಮ್ಮಿ ಆಪ್‌ನ್ಯಾಗ ನಂದು 11,400 ರೂಪಾಯಿ ಸಿಗಬಿದ್ದೈತಿ. 2025ರ ಆಗಸ್ಟ್‌ದಾಗ ದಿಲ್ಲಿಯಿಂದ ಬ್ಯಾನ್ ಬಂತಲ್ಲ, ಆಟ ಬಂದ್ ಆತು, ವಿತ್‌ಡ್ರಾ ಹಾಕಿದ್ರ ಪ್ರೊಸೆಸಿಂಗ್ ಅಂತ ತೋರಸ್ತೈತಿ, ಇನ್ನೂ ತೋರಸಾಕತ್ತೈತಿ. ನನಗೂ ಟ್ರಸ್ಟ್ ಅಕೌಂಟಿನಿಂದ ಕೊಡಬೇಕಲ್ಲ ಹಂಗಾದ್ರ? ಯಾರಿಗೆ ಬರೀಬೇಕು ಹೇಳ್ರಿ, ಹೆಂಡ್ತಿಗೆ ಹೇಳಿಲ್ಲ ಇನ್ನೂ.

ಟಿಳಕವಾಡಿ_ಲೆಕ್ಕ

ಗೋಕಾಕದವರ, ನಿಮ್ಮದಕ್ಕ ವಕೀಲರು ಹೇಳ್ತಾರ, ಅಲ್ಲೀದು ಇಲ್ಲೀದು ಬ್ಯಾರೆ ಕಾನೂನು. ನಾನು ಮೊದಲು ಮಂಜು ಅವರ 640ದು ಮುಗಸ್ತೇನಿ.

ಲೆಕ್ಕ ಹಾಕಿ ತೋರಸ್ತೇನಿ, ಅಂಕಿ ನಾನ ಹಿಡದದ್ದು, ತಿಳೀಲಿ ಅಂತ ಸರಳ ಮಾಡೇನಿ. ಕಂಪನಿ ಬಾಗಿಲು ಹಾಕಿದ ದಿನ ಎಲ್ಲಾ ಆಟಗಾರರ ಬ್ಯಾಲೆನ್ಸ್ ಕೂಡಿಸಿದ್ರ 20 ಲಕ್ಷ ಪೌಂಡ್. ಬ್ಯಾರೆ ಇಟ್ಟ ಅಕೌಂಟ್‌ನ್ಯಾಗ ಇದ್ದದ್ದು 18 ಲಕ್ಷ. 2 ಲಕ್ಷ ಎಲ್ಲಿ ಹೋತು ಅಂದ್ರ ಕಳವಾಗಿಲ್ಲ, ಕಾರ್ಡಿನ್ಯಾಗ ತುಂಬಿದ ರೊಕ್ಕ ಪೇಮೆಂಟ್ ಪ್ರೊಸೆಸರ್ ಹಂತೇಕ ಎರಡು ಮೂರು ದಿನ ಇರ್ತೈತಿ, ಆಮ್ಯಾಲೆ ಬ್ಯಾಂಕಿಗೆ ಬರ್ತೈತಿ. ಆದ್ರ ಆಟಗಾರನ ಸ್ಕ್ರೀನ್ ಮ್ಯಾಲೆ ತುಂಬಿದ ಕೂಡ್ಲೆ ತೋರಿಸಿರ್ತಾರ. ಇವಲ್ಲದ ಕಂಪನಿ ಸ್ವಂತದ್ದು 4 ಲಕ್ಷ ಐತಿ. ಎಲ್ಲಾ ಸೇರಿ 24 ಲಕ್ಷ.

ದರ್ಜೆ ನಾಟ್ ಪ್ರೊಟೆಕ್ಟೆಡ್ ಇತ್ತು ಅಂತ ತಿಳೀರಿ. 24 ಲಕ್ಷನೂ ಒಂದ ರಾಶಿ. ಕೋರ್ಟು ಕಳಿಸಿದ ಅಡ್ಮಿನಿಸ್ಟ್ರೇಟರ್ ಖರ್ಚು 4 ಲಕ್ಷ ಮೊದಲು ಹೋತು. ಕೆಲಸಗಾರರ ಬಾಕಿ, ಟ್ಯಾಕ್ಸ್ ಬಾಕಿ 5 ಲಕ್ಷ ಹೋತು. ಆಸ್ತಿ ಒತ್ತಿ ಇಟಗೊಂಡು ಸಾಲ ಕೊಟ್ಟ ಬ್ಯಾಂಕು 9 ಲಕ್ಷ ಒಯ್ತು. ಉಳದದ್ದು 6 ಲಕ್ಷ. ಈ 6 ಲಕ್ಷಕ್ಕ ಪಾಳೇಕ ನಿಂತಾವ್ರು ಯಾರು, ಆಟಗಾರರದು 20 ಲಕ್ಷ, ಸಾಫ್ಟ್‌ವೇರ್‌ನವರು ಜಾಹೀರಾತಿನವರು ಎಲ್ಲಾ ಸೇರಿ 40 ಲಕ್ಷ, ಒಟ್ಟು 60 ಲಕ್ಷ. ಪೌಂಡಿಗೆ 10 ಪೆನ್ನಿ. 640 ಇದ್ದಾವಗ 64 ಪೌಂಡ್, ಅದೂ ಒಂದೆರಡು ವರ್ಷದ ಮ್ಯಾಲೆ.

ಈಗ ಇದ ಕಂಪನಿ ಹೈ ದರ್ಜೆ ಇತ್ತು ಅನ್ಕೋರಿ. 18 ಲಕ್ಷ ರಾಶಿಗೆ ಬರಂಗೇ ಇಲ್ಲ. ಅದನ್ನ ಹಂಚೋ ಖರ್ಚು 1 ಲಕ್ಷ ಹಿಡದ್ರೂ 17 ಲಕ್ಷ ನೇರ ಆಟಗಾರರಿಗೆ, ಪೌಂಡಿಗೆ 85 ಪೆನ್ನಿ, ನಿಮ್ಮ ತಮ್ಮಗ 544. ಉಳದ 96ಕ್ಕ ಅವನೂ ಪಾಳೇಕ ನಿಲ್ಲಬೇಕು. ಅಂದ್ರ ಟ್ರಸ್ಟ್ ಇದ್ರೂ 640ಕ್ಕ 640 ಅಂತ ಯಾರೂ ಹೇಳಾಕ ಬರಂಗಿಲ್ಲ, ಟ್ರಸ್ಟಿನ್ಯಾಗ ಆ ದಿನ ಎಷ್ಟು ಇತ್ತು ಅನ್ನೋದರ ಮ್ಯಾಲೆ ಹೋಗ್ತೈತಿ.

ಇಳಕಲ್_ಮಂಜು

64 ಮತ್ತ 544! ಇಷ್ಟು ಫರಕ್ ಇರ್ತೈತಿ ಅಂತ ಗೊತ್ತಿರಲಿಲ್ರಿ. ಆ ಅಕೌಂಟಿನ್ಯಾಗ ಕಮ್ಮಿ ಬೀಳದಂಗ ಯಾರು ನೋಡ್ಕೋತಾರ್ರಿ, ಸರ್ಕಾರದವರು ದಿನಾ ನೋಡ್ತಾರೇನು?

ಟಿಳಕವಾಡಿ_ಲೆಕ್ಕ

ಸರ್ಕಾರದವರಲ್ಲ, ನಮ್ಮಂಥಾವ್ರು. ನನ್ನ ಬೆಳಗು ಹೆಂಗ ಇರ್ತಿತ್ತು ಹೇಳ್ತೇನಿ. ಒಂದು ಸ್ಕ್ರೀನ್ ಮ್ಯಾಲೆ ಹಿಂದಿನ ರಾತ್ರಿ ಹನ್ನೆರಡಕ್ಕ ಎಲ್ಲಾ ಆಟಗಾರರ ಬ್ಯಾಲೆನ್ಸಿನ ಮೊತ್ತ, ಇನ್ನೊಂದರ ಮ್ಯಾಲೆ ಬ್ಯಾಂಕ್ ಸ್ಟೇಟ್‌ಮೆಂಟ್. ಎರಡನೇದು ಮೊದಲನೇದಕ್ಕಿಂತ ಕಮ್ಮಿ ಇರಬಾರದು. ಕಮ್ಮಿ ಇದ್ರ ಎಷ್ಟು ಕಮ್ಮಿ ಅಂತ ಬರದು ಮ್ಯಾಲಿನವರಿಗೆ ಕಳಿಸಬೇಕು, ಅವರು ಅವತ್ತ ಕಂಪನಿ ಅಕೌಂಟಿನಿಂದ ತುಂಬಬೇಕು.

ಯಾಕ ಕಮ್ಮಿ ಬೀಳ್ತೈತಿ ಅಂದ್ರ ಬರೀ ಪ್ರೊಸೆಸರ್ ತಡದಿಂದಲ್ಲ. ಆಟಗಾರ ಗೆದ್ದಾಗ ಏನಾಗ್ತೈತಿ ನೋಡ್ರಿ, ಆ ನಿಮಿಷದ ತನಕ ಕಂಪನಿದಾಗಿದ್ದ ರೊಕ್ಕ ಆಟಗಾರಂದು ಆತು, ಸ್ಕ್ರೀನ್ ಮ್ಯಾಲೆ ಏರಿತು, ಆದ್ರ ಬ್ಯಾಂಕಿನ್ಯಾಗ ಯಾರೂ ರೊಕ್ಕ ಸರಿಸಿಲ್ಲ ಇನ್ನೂ. ಒಮ್ಮೆ ಶನಿವಾರ ಫುಟ್‌ಬಾಲ್‌ನ್ಯಾಗ ದೊಡ್ಡ ಟೀಮ್‌ಗಳೆಲ್ಲಾ ಗೆದ್ದು, ಜನ ಎಲ್ಲಾ ಅವರ ಮ್ಯಾಲೇನ ಹಾಕಿದ್ರು, ಮರುದಿನ ರವಿವಾರ, ಸೋಮವಾರ ಅಲ್ಲೆ ಬ್ಯಾಂಕ್ ರಜೆ. ಮಂಗಳವಾರ ಮುಂಜಾನೆ ನಾನು ಬಂದು ನೋಡಿದ್ರ ಟ್ರಸ್ಟ್ ಅಕೌಂಟು ಮೂರು ದಿನದಿಂದ ಕೊರತೆಯೊಳಗ ಕುಂತೈತಿ. ಆ ಕಂಪನಿ ಗಟ್ಟಿ ಇತ್ತು, ಹನ್ನೊಂದು ಗಂಟೆಯೊಳಗ ತುಂಬಿದ್ರು. ಆದ್ರ ಅದ ರವಿವಾರ ಅದು ಮುಳುಗಿದ್ರ ಗೆದ್ದಾವ್ರ ಗೆಲುವು ಸ್ಕ್ರೀನಿನ್ಯಾಗಷ್ಟ ಇರ್ತಿತ್ತು. ಅವತ್ತಿನಿಂದ ನಾವು ಶುಕ್ರವಾರ ಸಂಜೀನ ಹೆಚ್ಚಿಗಿ ರೊಕ್ಕ ಹಾಕಿಡೋ ಪದ್ಧತಿ ಮಾಡಿದ್ವಿ. ಷರತ್ತಿನ ಪುಸ್ತಕದಾಗ ಬ್ಯಾರೆ ಅಕೌಂಟ್ ಅಂತ ಒಂದು ಸಾಲು ಇರ್ತೈತಿ, ಆ ಸಾಲು ಜೀವಂತ ಇರೋದು ಈ ದಿನಾ ತುಂಬೋ ಕೆಲಸದಾಗ.

ಅಥಣಿ_ಪ್ರವೀಣ

ತಪ್ಪು ತಿಳಕೊಂಡಿದ್ದೆ, ಒಪ್ಕೋತೇನಿ. ಆದ್ರೂ ಒಂದು ಕೇಳ್ತೇನಿ, ಕಂಪನಿ ತುಂಬಲೇ ಇಲ್ಲ ಅಂದ್ರ ಲೈಸೆನ್ಸ್ ಕೊಟ್ಟಾವ್ರು ಕಸಗೋತಾರಲ್ಲ, ಆ ಹೆದರಿಕಿ ಸಾಲಂಗಿಲ್ಲೇನು?

ಟಿಳಕವಾಡಿ_ಲೆಕ್ಕ

ಅದಕ್ಕ ಫುಲ್ ಟಿಲ್ಟ್ ಪೋಕರ್ ಕಥಿ ಕೇಳ್ರಿ, ನಮ್ಮ ಕೆಲಸದಾಗ ಹೊಸಬರಿಗೆ ಮೊದಲು ಹೇಳೋದು ಇದನ್ನ. ಅದಕ್ಕ ಬ್ರಿಟನ್ ಹಂತೇಕ ಇರೋ ಆಲ್ಡರ್ನಿ ಅನ್ನೋ ಸಣ್ಣ ದ್ವೀಪದ ಲೈಸೆನ್ಸ್ ಇತ್ತು. 2011ರ ಏಪ್ರಿಲ್ 15ಕ್ಕ ಅಮೆರಿಕ ಸರ್ಕಾರ ದೊಡ್ಡ ಪೋಕರ್ ಸೈಟುಗಳ ಮ್ಯಾಲೆ ಕೇಸ್ ಹಾಕಿ ತನ್ನ ದೇಶದಾಗ ಬಂದ್ ಮಾಡಿಸ್ತು, ಜನ ಅದಕ್ಕ ಬ್ಲ್ಯಾಕ್ ಫ್ರೈಡೇ ಅಂತಾರ. ಅವತ್ತ ಅಮೆರಿಕದಾಗ ಪೋಕರ್‌ಸ್ಟಾರ್ಸೂ ಬಂದ್ ಆತು, ಫುಲ್ ಟಿಲ್ಟೂ ಬಂದ್ ಆತು. ಪೋಕರ್‌ಸ್ಟಾರ್ಸ್ ಆಟಗಾರರ ರೊಕ್ಕ ಬ್ಯಾರೆ ಇಟ್ಟಿತ್ತು, ಕೆಲವೇ ವಾರದಾಗ ಅಮೆರಿಕದ ಆಟಗಾರರಿಗೆ ವಾಪಸ್ ಕೊಟ್ಟಬಿಡ್ತು. ಫುಲ್ ಟಿಲ್ಟ್ ಕೊಡಲಿಲ್ಲ, ಕೊಡಾಕ ಇರಲೇ ಇಲ್ಲ. ಅಮೆರಿಕದ ಸರ್ಕಾರಿ ವಕೀಲರು ಕೋರ್ಟಿಗೆ ಹೇಳಿದ ಪ್ರಕಾರ 2011ರ ಮಾರ್ಚ್ 31ಕ್ಕ ಆಟಗಾರರಿಗೆ ಕೊಡಬೇಕಾದ್ದು ಸುಮಾರು 39 ಕೋಟಿ ಡಾಲರ್, ಬ್ಯಾಂಕಿನ್ಯಾಗ ಇದ್ದದ್ದು ಸುಮಾರು 6 ಕೋಟಿ.

ಹೆಂಗ ಖಾಲಿ ಆತು ಅನ್ನೋದರಾಗ ಎರಡು ಸಂಗತಿ ಅದಾವ. ಒಂದು, ನಾಲ್ಕು ವರ್ಷದಾಗ ಮಾಲೀಕರಿಗೆ 44 ಕೋಟಿ ಡಾಲರಿನಷ್ಟು ಹಂಚಿದ್ರು. ಎರಡನೇದು ನನ್ನ ಕೆಲಸಕ್ಕ ಹತ್ರದ್ದು. ಅಮೆರಿಕದಾಗ ಬ್ಯಾಂಕಿನಿಂದ ರೊಕ್ಕ ಎಳಕೊಳ್ಳೋ ದಾರಿ ಮುಚ್ಚಿತ್ತು, ಆದ್ರೂ ಆಟಗಾರ ಡಿಪಾಸಿಟ್ ಒತ್ತಿದ ಕೂಡ್ಲೆ ಅವನ ಅಕೌಂಟಿಗೆ ಬ್ಯಾಲೆನ್ಸ್ ಏರಿಸ್ತಿದ್ರು, ಖರೇ ರೊಕ್ಕ ಬರತಿರಲೇ ಇಲ್ಲ. ಹಂಗ ಸುಮಾರು 13 ಕೋಟಿ ಡಾಲರ್ ಬರೀ ಸ್ಕ್ರೀನ್ ಮ್ಯಾಲಿನ ರೊಕ್ಕ ಆತು. ಆ ರೊಕ್ಕದಿಂದ ಒಬ್ಬ ಆಡಿ ಸೋತು ಇನ್ನೊಬ್ಬ ಗೆದ್ದ ಅಂದ್ರ, ಗೆದ್ದಾವಗ ಖರೇ ರೊಕ್ಕಾನ ಕೊಡಬೇಕಾಗ್ತೈತಿ. ದಿನದ ತಾಳೆ ಯಾರರ ಹೊರಗಿನವರು ನೋಡಿದ್ರ ಮೊದಲ ವಾರದಾಗ ಸಿಗ್ತಿತ್ತು.

ಆಲ್ಡರ್ನಿಯವರು ಜೂನ್ 29ಕ್ಕ ಲೈಸೆನ್ಸ್ ಅಮಾನತು ಮಾಡಿದ್ರು, ಸೆಪ್ಟೆಂಬರ್‌ದಾಗ ರದ್ದು ಮಾಡಿದ್ರು. ಆದ್ರ ರದ್ದು ಮಾಡಿದ್ದರಿಂದ ಯಾವ ಆಟಗಾರನ ಅಕೌಂಟಿಗೂ ಒಂದು ಸೆಂಟ್ ಬರಲಿಲ್ಲ ಪ್ರವೀಣ. ಲೈಸೆನ್ಸ್ ಕಸಗೊಳ್ಳೋ ಹೆದರಿಕಿ ಗಟ್ಟಿ ಇರೋ ಕಂಪನಿಗೆ ಹತ್ತತೈತಿ, ಮುಳುಗಾಕತ್ತಿದ್ದಕ್ಕ ಹತ್ತಂಗಿಲ್ಲ.

ಸರೋಜಾ_ಜಲನಗರ

ಅಯ್ಯ, ಇದು ನಮ್ಮ ಸಂಘದ ಕಥಿನ ಅದ. ಅಲ್ಲೂ ಡೈರೆಕ್ಟರ್‌ಗಳು ತಮ್ಮತಮ್ಮಾವರಿಗೆ ಸಾಲ ಹಂಚಿದ್ರು, ಆಮ್ಯಾಲೆ ಲೈಸೆನ್ಸ್ ರದ್ದು ಆತು ಅಂತ ಪೇಪರಿನ್ಯಾಗ ಬಂತು, ನಮಗ ಏನೂ ಬರಲಿಲ್ಲ. ಆ ಪೋಕರ್ ಮಂದಿಗೆ ಕೊನೀಗೆ ಸಿಕ್ತೇನ್ರಿ?

ಟಿಳಕವಾಡಿ_ಲೆಕ್ಕ

ಸಿಕ್ತಕ್ಕ, ಆದ್ರ ಕಾನೂನಿನ ರಕ್ಷಣೆಯಿಂದಲ್ಲ, ಒಂದು ವ್ಯವಹಾರದಿಂದ. 2012ರ ಜುಲೈದಾಗ ಪೋಕರ್‌ಸ್ಟಾರ್ಸ್ ಅಮೆರಿಕ ಸರ್ಕಾರದ ಜೋಡಿ ರಾಜಿ ಮಾಡ್ಕೊಂಡು ಫುಲ್ ಟಿಲ್ಟಿನ ಆಸ್ತಿ ತಗೊಂಡ್ತು, ಅಮೆರಿಕದ ಹೊರಗಿನ ಆಟಗಾರರ 18.4 ಕೋಟಿ ಡಾಲರ್ ತಾನ ಕೊಡ್ತೇನಿ ಅಂತ ಒಪ್ಪಿ ಆ ನವೆಂಬರ್‌ದಾಗ ಕೊಡ್ತು. ಅಮೆರಿಕದಾವ್ರು ಸರ್ಕಾರಕ್ಕ ಅರ್ಜಿ ಹಾಕಿ ಕಾಯಬೇಕಾತು, ಮೊದಲ ಕಂತು ಬಂದದ್ದು 2014ರ ಫೆಬ್ರುವರಿ ಕೊನೀಗೆ. ಸುಮಾರು ಮೂರು ವರ್ಷ. ಎದುರಾಳಿ ಕಂಪನಿ ಹಂತೇಕ ರೊಕ್ಕ ಇತ್ತು, ಅದಕ್ಕ ರಾಜಿ ಬೇಕಾಗಿತ್ತು, ಅದಕ್ಕ ಸಿಕ್ತು. ಪ್ರತಿ ಸಲ ಅಂಥಾದ್ದು ಆಗಂಗಿಲ್ಲ.

ಇಳಕಲ್_ಮಂಜು

ತಮ್ಮನ ಹಂತೇಕ ಮಾತಾಡಿದೆ. ಟರ್ಮ್ಸ್ ತಗದು ನೋಡ್ಯಾನ, ಮೀಡಿಯಂ ಅಂತ ಐತಂತ. ಇನ್ನೊಂದು ಹೇಳಿದ, 640 ಅಂದಿದ್ದೆನಲ್ಲ, ಅದರಾಗ 500 ನಗದು ಬ್ಯಾಲೆನ್ಸ್, 140 ಮುಂದಿನ ತಿಂಗಳ ಸೀರೀಸ್ ಯಾರು ಗೆಲ್ತಾರ ಅಂತ ಹಾಕಿಬಿಟ್ಟಾನಂತ, ಅದು ಓಪನ್ ಬೆಟ್ ಅಂತ ತೋರಸ್ತೈತಿ. ಇದರಿಂದ ಏನರ ಫರಕ್ ಬೀಳ್ತೈತೇನ್ರಿ?

ಟಿಳಕವಾಡಿ_ಲೆಕ್ಕ

ಬಹಳ ಬೀಳ್ತೈತಿ, ಮೊದಲ ಕೇಳಬೇಕಾಗಿತ್ತು ನಾನು. ಕಮಿಷನ್ ಪ್ರಕಾರ ಗಿರಾಕಿ ರೊಕ್ಕ ಅಂದ್ರ ಮುಂದ ಆಡಾಕ ಅಂತ ತುಂಬಿ ಜಮಾ ಆದ ರೊಕ್ಕ, ಗೆದ್ದು ಅಲ್ಲೇ ಬಿಟ್ಟದ್ದು, ವಿತ್‌ಡ್ರಾ ಒಪ್ಪಿಕೊಂಡು ಇನ್ನೂ ಕಳಿಸದೇ ಇದ್ದದ್ದು, ಪಕ್ಕಾ ಆಗಿ ಕೈಗೆ ಬರಬೇಕಾದ ಬೋನಸ್. ಹಾಕಿ ಮುಗಿಸಿದ ಬೆಟ್ಟು, ಇನ್ನೂ ರಿಸಲ್ಟ್ ಬಾರದ್ದು, ಅದರಾಗ ಇಲ್ಲ. ಆ 140 ನಿಮ್ಮ ತಮ್ಮನ ಅಕೌಂಟಿನಿಂದ ಹೊರಗ ಹೋಗೈತಿ, ಅದಕ್ಕ ಬ್ಯಾರೆ ಅಕೌಂಟಿನ ಆಸರಾ ಇಲ್ಲ. ಕಂಪನಿ ತಾನಾಗಿ ಅದನ್ನೂ ಸೇರಿಸಿ ಇಟ್ಟಿದ್ರ ಮಾತು ಬ್ಯಾರೆ.

ಇದ ಗೆರಿಮ್ಯಾಲೆ ಬ್ರಿಟನ್ನಿನ ಬೆಟ್ಟಿಂಗ್ ಸೈಟಾಗಿದ್ದ ಫುಟ್‌ಬಾಲ್ ಇಂಡೆಕ್ಸ್‌ನ ಜನ ಬಿದ್ದದ್ದು. ಅಲ್ಲೆ ಫುಟ್‌ಬಾಲ್ ಆಟಗಾರರ ಶೇರ್ ತಗೊಂಡಂಗ ಕಾಣ್ತಿತ್ತು, ಬೆಲೆ ಏರ್ತಿತ್ತು, ಡಿವಿಡೆಂಡ್ ಬರ್ತಿತ್ತು. ಒಳಗ ನೋಡಿದ್ರ ಪ್ರತಿ ಶೇರೂ ಮೂರು ವರ್ಷದ ಒಂದು ಬೆಟ್ಟು. 2021ರ ಮಾರ್ಚ್ ಮೊದಲ ವಾರ ಡಿವಿಡೆಂಡ್ ಕಡಿತ ಮಾಡ್ತೇವಿ ಅಂದ್ರು, ಬೆಲೆ ಕುಸೀತು, ಮಾರ್ಚ್ 11ಕ್ಕ ಸೈಟ್ ನಿಂತು ಕಮಿಷನ್ ಲೈಸೆನ್ಸ್ ಅಮಾನತು ಮಾಡ್ತು. ನಗದು ಬ್ಯಾಲೆನ್ಸಿಗೆ ಅಲ್ಲೂ ಬ್ಯಾರೆ ಟ್ರಸ್ಟ್ ಅಕೌಂಟ್ ಇತ್ತು, ಅದು ಕೆಲಸಾನೂ ಮಾಡ್ತು. ಆದ್ರ ಜನರ ಮುಖ್ಯ ರೊಕ್ಕ ನಗದಿನ್ಯಾಗ ಇರಲೇ ಇಲ್ಲ, ಶೇರ್ ಅನ್ನೋ ಬೆಟ್ಟಿನ್ಯಾಗ ಇತ್ತು. ಸುಮಾರು 9 ಕೋಟಿ ಪೌಂಡ್ ಸಿಗಬಿತ್ತು ಅಂತ ಆಗ ಸುದ್ದಿ ಆತು. ಬ್ರಿಟನ್ ಸರ್ಕಾರ ಆಮ್ಯಾಲೆ ಒಬ್ಬ ವಕೀಲರನ್ನ ಹಚ್ಚಿ ತನಿಖೆ ಮಾಡಿಸ್ತು, ಆ ವರದಿನ್ಯಾಗ ಕಮಿಷನ್ ಕೆಲಸದಾಗೂ ತಪ್ಪು ತೋರಿಸಿದ್ರು. ನಾನು ಈ ಕೇಸ್ ಓದಿದಾಗ ನಿದ್ದಿ ಬರಲಿಲ್ಲ ಖರೇನ, ಯಾಕಂದ್ರ ಟ್ರಸ್ಟಿನ ಲೆಕ್ಕ ನೋಡಿದಾವ್ರಿಗೆ ಎಲ್ಲಾ ಸರಿ ಅನ್ನಸ್ತಿತ್ತು.

ಹಂಗಾಗಿ ಮ್ಯಾಲಿನ ಲೆಕ್ಕ ತಿದ್ದಿಕೋರಿ. ಹೈ ಇದ್ದಿದ್ರೂ 500ಕ್ಕ 425, 140 ಸಾಲಗಾರರ ಪಾಳೇಕ. ಮೀಡಿಯಂಗೆ ನಾನು ಅಂಕಿ ಹೇಳಾಕ ಬರಂಗಿಲ್ಲ, ಒಂದೊಂದು ಕಂಪನಿ ಒಂದೊಂದು ನಮೂನಿ ವ್ಯವಸ್ಥೆ ಮಾಡಿರ್ತೈತಿ. ಟರ್ಮ್ಸ್‌ನ್ಯಾಗ ಮೀಡಿಯಂ ಪಕ್ಕದಾಗ ಏನು ವ್ಯವಸ್ಥೆ ಅಂತ ಬರದಿರ್ತಾರ, ಅದನ್ನ ಫೋಟೋ ತಗದು ಕಳಿಸಾಕ ಹೇಳ್ರಿ.

ಗೋಕಾಕ_ಕರದಂಟು

ವಕೀಲರ, ನನ್ನ 11,400?

ಜಮಖಂಡಿ_ವಕೀಲ

ಹೇಳ್ತೀನಿ ತಮ್ಮಾ, ತಡ ಆತು, ಕೋರ್ಟಿನ್ಯಾಗ ಇದ್ದೆ.

ಮೊದಲು, ನಿಮ್ಮ ಕಂಪನಿ ದಿವಾಳಿ ಆಗ್ಯದೋ ಬರೀ ಆಟ ನಿಲ್ಲಿಸ್ಯದೋ, ಇದು ಬ್ಯಾರೆ ಬ್ಯಾರೆ. 2025ರ ಆಗಸ್ಟ್ 22ಕ್ಕ ರಾಷ್ಟ್ರಪತಿ ಸಹಿ ಆದ ಆನ್‌ಲೈನ್ ಗೇಮಿಂಗ್ ಕಾಯ್ದೆ ರೊಕ್ಕ ಹಚ್ಚಿ ಆಡಿಸೋದನ್ನ ನಿಷೇಧ ಮಾಡ್ತು. ಆಡಿಸಿದಾವಗ, ಜಾಹೀರಾತು ಕೊಟ್ಟಾವಗ ಶಿಕ್ಷೆ ಅದ, ಆಡಿದಾವಗ ಆ ಕಾಯ್ದೆಯೊಳಗ ಶಿಕ್ಷೆ ಇಲ್ಲ, ಹಂಗಾಗಿ ಕೇಳಾಕ ಹೆದರಬ್ಯಾಡ್ರಿ. ಕಂಪನಿ ಇನ್ನೂ ನಡೀತಿದ್ರ ಅದು ನಿಮಗ ಕೊಡಬೇಕಾದ ಬಾಕಿ. ಬ್ಯಾಲೆನ್ಸಿನ ಸ್ಕ್ರೀನ್‌ಶಾಟ್, ವಿತ್‌ಡ್ರಾ ಹಾಕಿದ ದಿನಾಂಕ, ನೀವು ತುಂಬಿದ ಯುಪಿಐ ನಂಬರ್‌ಗಳು ಎಲ್ಲಾ ಇಟಗೊಂಡು ಇಮೇಲಿನ್ಯಾಗ ಬರೀರಿ, ಉತ್ತರ ಬರಲಿಲ್ಲ ಅಂದ್ರ ಗ್ರಾಹಕ ಸಹಾಯವಾಣಿ 1915ಕ್ಕ ದೂರು ಹಾಕ್ರಿ. ಆಪ್ ಡಿಲೀಟ್ ಮಾಡಬ್ಯಾಡ್ರಿ.

ಕಂಪನಿ ದಿವಾಳಿ ಕೋರ್ಟಿಗೆ ಹೋದ್ರ, ಅಂದ್ರ ಎನ್‌ಸಿಎಲ್‌ಟಿಗೆ, ಆಗ 2016ರ ದಿವಾಳಿ ಸಂಹಿತೆ ನಡೀತದ. ಮೊದಲು ಎಲ್ಲಾ ವಸೂಲಿ ಕೇಸ್ ನಿಲ್ಲತಾವ. ಪೇಪರಿನ್ಯಾಗ ಪ್ರಕಟಣೆ ಬರ್ತದ, ಅದರಾಗ ಹೇಳಿದ ದಿನದೊಳಗ ನೀವು ಕ್ಲೇಮ್ ಹಾಕಬೇಕು. ಬ್ಯಾಂಕಿಗೆ ಒಂದು ಫಾರ್ಮ್, ಸಾಮಾನು ಪೂರೈಸಿದಾವಗ ಒಂದು, ಎರಡೂ ಅಲ್ಲದಾವಗ ಫಾರ್ಮ್ ಎಫ್ ಅಂತ ಅದ. ವಾಲೆಟ್‌ನ್ಯಾಗ ರೊಕ್ಕ ಇಟ್ಟಾವ ಹೆಚ್ಚಾಗಿ ಎಫ್‌ನ್ಯಾಗ ಬೀಳ್ತಾನ. ಕಂಪನಿ ಮುಳುಗಿ ಆಸ್ತಿ ಮಾರಿ ಹಂಚೋ ಹಂತಕ್ಕ ಬಂದ್ರ 53ನೇ ಕಲಮಿನ್ಯಾಗ ಪಾಳಿ ಅದ, ಖರ್ಚು, ಕಾರ್ಮಿಕರು, ಒತ್ತಿ ಇಟಗೊಂಡಾವ್ರು, ಸರ್ಕಾರದ ಬಾಕಿ, ಇಂಥಾವೆಲ್ಲಾ ಮುಂದ, ನಿಮ್ಮದು ಬಹಳ ಹಿಂದ.

ಆದ್ರ 36ನೇ ಕಲಮಿನ 4ನೇ ಉಪಕಲಂ ಹೇಳ್ತದ, ಇನ್ನೊಬ್ಬರ ಪರವಾಗಿ ಟ್ರಸ್ಟಿನ್ಯಾಗ ಹಿಡದ ಆಸ್ತಿ ಹಂಚೋ ರಾಶಿಗೆ ಬರಂಗಿಲ್ಲ ಅಂತ. ಈಗ ಪ್ರಶ್ನೆ, ರಮ್ಮಿ ಕಂಪನಿ ಎಸ್ಕ್ರೋ, ಅಂದ್ರ ಕರಾರಿನ್ಯಾಗ ಹೇಳಿದ ಕೆಲಸಕ್ಕಷ್ಟ ರೊಕ್ಕ ತಗಿಯಾಕ ಬರೋ ಅಕೌಂಟ್‌ನ್ಯಾಗ ಇಟ್ಟ ಆಟಗಾರರ ರೊಕ್ಕ ಟ್ರಸ್ಟ್ ಹೌದೋ ಅಲ್ಲೋ. ನನ್ನ ಅಭಿಪ್ರಾಯದಾಗ ಎಸ್ಕ್ರೋ ಕರಾರಿನ್ಯಾಗ ಫಲಾನುಭವಿ ಯಾರು ಅಂತ ಬರದದ್ದರ ಮ್ಯಾಲೆ ಹೋಗ್ತದ. ಬರೀ ಎಸ್ಕ್ರೋ ಅನ್ನೋ ಹೆಸರಿಗೆ ಕೋರ್ಟು ಮರುಳಾಗಂಗಿಲ್ಲ.

ಅಥಣಿ_ಪ್ರವೀಣ

ನಾನು ಒಪ್ಪಂಗಿಲ್ಲ ವಕೀಲರ. ಫೋನಿನ ವಾಲೆಟ್ ಕಂಪನಿಗಳಿಗೆ ಆರ್‌ಬಿಐ ಎಸ್ಕ್ರೋ ಕಡ್ಡಾಯ ಮಾಡೈತಿ, ಅದು ಜನರ ರೊಕ್ಕ ಉಳಿಸಾಕ ಅಂತಾನ ಮಾಡಿದ್ದು. ಗೇಮಿಂಗ್ ವಾಲೆಟ್ಟೂ ವಾಲೆಟ್ಟ ಅಲ್ಲೇನು?

ಜಮಖಂಡಿ_ವಕೀಲ

ಅಂಗಡಿಗಳಿಗೆಲ್ಲಾ ನಡೆಯೋ ವಾಲೆಟ್ಟಿಗೆ ಆರ್‌ಬಿಐ ಲೈಸೆನ್ಸ್ ಬೇಕು, ಎಸ್ಕ್ರೋ ಬೇಕು, ಖರೆ. ಒಂದು ಕಂಪನಿ ತನ್ನ ಹಂತೇಕನ ಖರ್ಚು ಮಾಡಾಕ ಕೊಟ್ಟ ಬ್ಯಾಲೆನ್ಸಿಗೆ ಆರ್‌ಬಿಐ ಅನುಮತಿನ ಬೇಕಿಲ್ಲ, ಅದನ್ನ ಪೇಮೆಂಟ್ ವ್ಯವಸ್ಥೆ ಅಂತ ಆರ್‌ಬಿಐ ಲೆಕ್ಕಕ್ಕ ಹಿಡಿಯಂಗಿಲ್ಲ. ಗೇಮಿಂಗ್ ಬ್ಯಾಲೆನ್ಸ್ ಬಹಳ ಮಟ್ಟಿಗೆ ಈ ಎರಡನೇ ಜಾತಿ. ಇನ್ನ 2023ರ ಏಪ್ರಿಲ್‌ದಾಗ ಕೇಂದ್ರದ ಐಟಿ ನಿಯಮಕ್ಕ ತಿದ್ದುಪಡಿ ಬಂದಾಗ, ಆಟಗಾರರ ಡಿಪಾಸಿಟ್ ಕಾಯಾಕ ಏನು ಕ್ರಮ ತಗೊಂಡೀರಿ ಅಂತ ಕಂಪನಿ ಹೇಳಬೇಕು ಅನ್ನೋ ಮಾತು ಸೇರಿತ್ತು. ಆದ್ರ ಅದನ್ನ ನಡಸೋ ಸ್ವಯಂ ನಿಯಂತ್ರಣ ಸಂಸ್ಥೆಗಳಿಗೆ ಮಾನ್ಯತೆ ಸಿಗಲೇ ಇಲ್ಲ, ಆಮ್ಯಾಲೆ ನಿಷೇಧನ ಬಂತು.

ಅಥಣಿ_ಪ್ರವೀಣ

ಎಸ್ಕ್ರೋ ಇಟ್ಟ ಕಂಪನಿ ಇದ್ರ ಮಾತ್ರ ಟ್ರಸ್ಟ್ ಅಂತಾನ ನಾನು ವಾದ ಮಾಡ್ತೇನಿ. ಆ ರೊಕ್ಕ ಯಾರದು ಅಂತ ಎಲ್ಲಾರಿಗೂ ಗೊತ್ತೈತಿ.

ಜಮಖಂಡಿ_ವಕೀಲ

ಮಾಡ್ರಿ, ಗೆದ್ರ ನನಗೂ ಖುಷಿ. ಗೋಕಾಕದವರು ಕಂಪನಿಗೆ ಬರಿಯೋ ಮೊದಲ ಪತ್ರದಾಗ ಇದನ್ನ ಕೇಳ್ರಿ, ನನ್ನ ಬ್ಯಾಲೆನ್ಸ್ ಯಾವ ಬ್ಯಾಂಕಿನ ಯಾವ ಅಕೌಂಟ್‌ನ್ಯಾಗ ಅದ, ಅದು ಎಸ್ಕ್ರೋ ಹೌದೋ ಅಲ್ಲೋ. ಬರಹದಾಗ ಉತ್ತರ ಬಂದ್ರ ಮುಂದ ಬಳಸಾಕ ಬರ್ತದ.

ಗೋಕಾಕ_ಕರದಂಟು

ಆತ್ರಿ, ಇವತ್ತ ರಾತ್ರಿ ಬರೀತೇನಿ. ಹೆಂಡ್ತಿಗೂ ಹೇಳ್ತೇನಿ.

ಇಳಕಲ್_ಮಂಜು

ತಮ್ಮ ನಿನ್ನೆ 500 ವಿತ್‌ಡ್ರಾ ಹಾಕ್ಯಾನ. ಮೊದಲ ಮೂರು ತಾಸಿನ್ಯಾಗ ಬರ್ತಿತ್ತಂತ, ಈಗ ಪಾಸ್‌ಪೋರ್ಟ್ ಮತ್ತೊಮ್ಮೆ ಕಳಸು ಅಂತ ಕೇಳಾಕತ್ತಾರಂತ, ಹೋದ ವರ್ಷನ ಕೊಟ್ಟಿದ್ದ. ಅಷ್ಟರಾಗ ವಿತ್‌ಡ್ರಾ ರದ್ದು ಮಾಡಿದ್ರ 50 ಪೌಂಡ್ ಬೋನಸ್ ಅಂತ ಮೆಸೇಜ್ ಬಂದೈತಿ. ಇನ್ನೊಂದು ಭಯ, ಈಗ ತಗೊಂಡ್ರೂ ದಿವಾಳಿ ಆದ ಮ್ಯಾಲೆ ವಾಪಸ್ ಕೊಡು ಅಂತಾರೇನ್ರಿ?

ಟಿಳಕವಾಡಿ_ಲೆಕ್ಕ

ವಾಪಸ್ ಕೇಳೋದು ಕಂಪನಿ ಬೇಕಂತ ಒಬ್ಬಗ ಲಾಭ ಮಾಡಿಕೊಟ್ಟಿದ್ರ, ತಮ್ಮ ಸಂಬಂಧಿಕರಿಗೆ ಕೊಟ್ಟಂಗ. ಸಾಮಾನ್ಯ ಆಟಗಾರ ತನ್ನ 500 ತಗೊಂಡಿದ್ದಕ್ಕ ಅದು ಹತ್ತೂದು ಬಹಳ ಕಷ್ಟ, ಅದರ ಚಿಂತಿ ಬಿಡ್ರಿ.

ಮೂರು ತಾಸಿಂದು ದಿನಗಟ್ಟಲೆ ಆದದ್ದು, ಕೊಟ್ಟ ಕಾಗದ ಮತ್ತ ಕೇಳಿದ್ದು, ರದ್ದು ಮಾಡಾಕ ಬೋನಸ್ ಕೊಡೂದು, ಈ ಮೂರೂ ಒಂದ ವಾರದಾಗ ಬಂದದ್ದು ನನಗ ಸರಿ ಕಾಣ್ಲಿಲ್ಲ. ಮೊದಲಿನ ಎರಡಕ್ಕ ಬ್ಯಾರೆ ಕಾರಣ ಇರಬಹುದು, ಕಾಗದ ಕೇಳೂದು ಕಾನೂನಿನ್ಯಾಗೂ ಐತಿ. ಪಾಸ್‌ಪೋರ್ಟ್ ಇವತ್ತ ಕಳಸಾಕ ಹೇಳ್ರಿ, ಆ ಬೋನಸ್ ಒತ್ತಬ್ಯಾಡ ಅನ್ರಿ, ಒತ್ತಿದ್ರ ವಿತ್‌ಡ್ರಾ ಮುರದು 500 ವಾಪಸ್ ಆಟದ ಬ್ಯಾಲೆನ್ಸಿಗೆ ಬೀಳ್ತೈತಿ, ಬೋನಸಿನ ಷರತ್ತು ಮುಗಿಯೋ ತನಕ ತಗೊಳ್ಳಾಕ ಬಿಡದೇ ಇರಬಹುದು. ಬ್ಯಾಲೆನ್ಸ್, ಓಪನ್ ಬೆಟ್ಟು, ವಿತ್‌ಡ್ರಾ ನಂಬರ್ ಮೂರಕ್ಕೂ ದಿನಾಂಕ ಕಾಣೂ ಹಂಗ ಫೋಟೋ ಇರಲಿ. ದಿವಾಳಿ ಆದ್ರ ಮೊದಲ ದಿನ ಸೈಟ್ ಬಂದ್ ಆಗ್ತೈತಿ, ಒಳಗ ಹೋಗಾಕ ಬರಂಗಿಲ್ಲ, ಆಮ್ಯಾಲೆ ಅಡ್ಮಿನಿಸ್ಟ್ರೇಟರ್ ಇಮೇಲ್ ಮಾಡಿ ನಿಮ್ಮ ಬಾಕಿ ಎಷ್ಟು ಅಂತ ಕೇಳ್ತಾನ, ಆಗ ಈ ಫೋಟೋ ಬೇಕಾಗ್ತಾವ.

ಇಳಕಲ್_ಮಂಜು

ಪಾಸ್‌ಪೋರ್ಟ್ ಕಳಿಸ್ಯಾನ, ಫೋಟೋ ಮೂರೂ ನನಗ ವಾಟ್ಸಾಪ್ ಮಾಡ್ಯಾನ. ಮೀಡಿಯಂ ಪಕ್ಕದಾಗ ಬರದ ಸಾಲೂ ಕಳಿಸ್ಯಾನ, ಯಾವುದೋ ಇನ್ಶೂರೆನ್ಸ್ ಅಂತ ಐತಿ, ಎಷ್ಟರ ತನಕ ಅಂತ ಮೊತ್ತ ಬರದಿಲ್ಲ. 500 ಇನ್ನೂ ಬಂದಿಲ್ಲ. ಬಂದ ದಿನ ಇಲ್ಲೇ ಹಾಕ್ತೇನಿ.